ಪಿಪಿಟಿಯನ್ನು ತಾನಾಗಿ ಓಡುವ ವಿಡಿಯೋ ಮಾಡಿದೆ, ಪ್ರತಿ ಸ್ಲೈಡಿನ ಮೊದಲ ಮಾತು ಎಲ್ಲಿ ಹೋಗುತ್ತಿದೆ?

ಚೆಟ್ಟಳ್ಳಿ_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಕಾಫಿ ಬೆಳೆಗಾರರಿಗೆ ಅಂತ ಬಿಳಿ ಕಾಂಡಕೊರಕದ ಬಗ್ಗೆ 18 ಸ್ಲೈಡಿನ ಪಿಪಿಟಿ ಮಾಡಿದ್ದೇನೆ. ಸಭೆಯಲ್ಲಿ ನಾನೇ ನಿಂತು ಹೇಳಿದಾಗ ಚೆನ್ನಾಗಿ ಹೋಯಿತು. ಈಗ ಗೊಬ್ಬರದ ಗೋದಾಮಿನ ಮುಂದಿನ ಕೋಣೆಯ ಟಿವಿಯಲ್ಲಿ ಅದು ತಾನಾಗಿ ಓಡುತ್ತಾ ಇರಬೇಕು, ಕಾಯುತ್ತಾ ಕೂತವರು ನೋಡಲಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅಲ್ಲಿ ಕಂಪ್ಯೂಟರ್ ಇಲ್ಲ. ಪೆನ್ ಡ್ರೈವ್ ಚುಚ್ಚಿ ಬಿಡುವುದು ಅಷ್ಟೇ.

ಪವರ್‌ಪಾಯಿಂಟಿನಲ್ಲಿ Record ಒತ್ತಿ, ಸ್ಲೈಡ್ ತಿರುಗಿಸುತ್ತಾ ಮಾತಾಡಿ, ಆಮೇಲೆ Export ಮಾಡಿ ಎಂಪಿ4 ತೆಗೆದೆ. ನೋಡಿದರೆ ಮೂರು ತೊಂದರೆ.

ಸುಮಾರು ಎಲ್ಲ ಸ್ಲೈಡಿನಲ್ಲೂ ಮೊದಲ ಒಂದೆರಡು ಮಾತು ಇಲ್ಲ. "ಕಾಂಡದ ಮೇಲೆ ಉಬ್ಬುಗೆರೆ ಕಂಡರೆ" ಅಂತ ಹೇಳಿದ್ದು "...ಉಬ್ಬುಗೆರೆ ಕಂಡರೆ" ಅಂತ ಕೇಳುತ್ತದೆ. 11 ಮತ್ತು 12ನೇ ಸ್ಲೈಡಿಗೆ ನಾನು ಮಾತಾಡಿಲ್ಲ, ಓದಿಕೊಳ್ಳಲಿ ಅಂತ ಬಿಟ್ಟಿದ್ದೆ. ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತವೆ. ಇನ್ನು 7ನೇ ಸ್ಲೈಡಿನಲ್ಲಿ ನಾಲ್ಕು ಫೋಟೋ ಒಂದಾದ ಮೇಲೊಂದು ಬರಬೇಕು, ಅವು ನನ್ನ ಮಾತಿಗೆ ಹೊಂದುತ್ತಿಲ್ಲ.

ಮೈಕ್ ಹೊಸದು. ಅದರದ್ದೇ ದೋಷವಾ?

ಪೊನ್ನಂಪೇಟೆ_ಹುಡುಗ

ಅಣ್ಣಾ ಇಷ್ಟೊಂದು ಯಾಕೆ ಒದ್ದಾಟ? Save As ಕೊಟ್ಟು .ppsx ಅಂತ ಉಳಿಸಿ. ತೆರೆದ ಕೂಡಲೇ ಸ್ಲೈಡ್ ಶೋ ಶುರು ಆಗುತ್ತದೆ. Set Up Slide Show ಒಳಗೆ Loop continuously ಅಂತ ಇದೆ, ಅದಕ್ಕೆ ಟಿಕ್ ಹಾಕಿ. ಮುಗಿಯಿತು. ವಿಡಿಯೋನೇ ಬೇಡ.

ಚೆಟ್ಟಳ್ಳಿ_ತೋಟ

ಟಿವಿ ಅದನ್ನು ತೆರೆಯುತ್ತದಾ?

ಪೊನ್ನಂಪೇಟೆ_ಹುಡುಗ

ಲ್ಯಾಪ್‌ಟಾಪ್ ಹಾಕಿದರೆ ತೆರೆಯುತ್ತೆ.

ಚೆಟ್ಟಳ್ಳಿ_ತೋಟ

ಲ್ಯಾಪ್‌ಟಾಪ್ ಇಲ್ಲ ಅಂತ ಮೊದಲನೇ ಪ್ಯಾರಾದಲ್ಲೇ ಬರೆದಿದ್ದೇನೆ ಮಾರಾಯ.

ಮಡಿಕೇರಿ_ಕತ್ತರಿ

ಮೈಕ್ ತಪ್ಪಲ್ಲ ಸರ್. ತರಬೇತಿ ವಿಡಿಯೋ ಮಾಡುವುದೇ ನನ್ನ ಕೆಲಸ, ಇದೇ ದೂರು ಎಲ್ಲರಿಂದಲೂ ಬರುತ್ತದೆ.

ನೀವು ಉದ್ದಕ್ಕೆ ಒಂದೇ ಸಲ ಮಾತಾಡಿದ ಹಾಗೆ ನಿಮಗೆ ಅನಿಸುತ್ತದೆ. ಪವರ್‌ಪಾಯಿಂಟ್ ಅದನ್ನು ಒಂದೇ ಉದ್ದ ಧ್ವನಿಯಾಗಿ ಇಟ್ಟುಕೊಳ್ಳುವುದಿಲ್ಲ. ಪ್ರತಿ ಸ್ಲೈಡಿಗೂ ಬೇರೆ ಬೇರೆ ತುಂಡು ಮಾಡಿ, ಆಯಾ ಸ್ಲೈಡಿನ ಒಳಗೇ ಇಡುತ್ತದೆ. ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ತಿರುಗುವ ಹೊತ್ತಿನಲ್ಲಿ, ಅಂದರೆ ಟ್ರಾನ್ಸಿಷನ್ ನಡೆಯುವಾಗ, ಅದು ಏನನ್ನೂ ರೆಕಾರ್ಡ್ ಮಾಡುವುದಿಲ್ಲ. ನೀವು Fade ಹಾಕಿ ಅದರ Duration ಒಂದೂವರೆ ಸೆಕೆಂಡ್ ಇಟ್ಟಿದ್ದರೆ, ಆ ಒಂದೂವರೆ ಸೆಕೆಂಡಿನಲ್ಲಿ ಆಡಿದ ಮಾತು ಎಲ್ಲೂ ಉಳಿಯುವುದಿಲ್ಲ. "ಕಾಂಡದ ಮೇಲೆ" ಅನ್ನುವುದಕ್ಕೆ ಅಷ್ಟೇ ಹೊತ್ತು ಸಾಕಲ್ವಾ.

ಖಚಿತ ಮಾಡಿಕೊಳ್ಳುವುದು ಸುಲಭ. ಶೋ ಬಿಟ್ಟು ಹೊರಗೆ ಬನ್ನಿ. 7ನೇ ಸ್ಲೈಡಿನ ಕೆಳಗೆ ಬಲಮೂಲೆಯಲ್ಲಿ ಸ್ಪೀಕರ್ ಗುರುತು ಅಥವಾ ನಿಮ್ಮ ಮುಖದ ಸಣ್ಣ ಚೌಕ ಇರುತ್ತದೆ. ಅದನ್ನು ಒತ್ತಿ ಅಲ್ಲೇ ಪ್ಲೇ ಮಾಡಿ ಕೇಳಿ. ಅಲ್ಲೂ "ಕಾಂಡದ ಮೇಲೆ" ಇಲ್ಲದಿದ್ದರೆ ತಪ್ಪು ರೆಕಾರ್ಡ್ ಮಾಡುವಾಗ ಆಗಿದೆ. ಅಲ್ಲಿ ಇದ್ದು ವಿಡಿಯೋದಲ್ಲಿ ಇಲ್ಲದಿದ್ದರೆ ಟೈಮಿಂಗಿನ ತಪ್ಪು. ಎರಡಕ್ಕೂ ಮದ್ದು ಬೇರೆ ಬೇರೆ. ಕೇಳಿ ನೋಡಿ ಹೇಳಿ.

ವಿರಾಜಪೇಟೆ_ಲಿನಕ್ಸ್

ಲಿಬ್ರೆ ಆಫೀಸಿನಲ್ಲಿ ಈ ರಗಳೆನೇ ಇಲ್ಲ 😀

ಮಡಿಕೇರಿ_ಕತ್ತರಿ

ಅದರಲ್ಲಿ ನೇರವಾಗಿ ವಿಡಿಯೋ ಮಾಡುವ ಸೌಲಭ್ಯವೇ ಇಲ್ಲ, ರಗಳೆ ಎಲ್ಲಿಂದ ಬರಬೇಕು.

ಚೆಟ್ಟಳ್ಳಿ_ತೋಟ

ಕೇಳಿದೆ. ಸ್ಲೈಡಿನ ಒಳಗಿನ ಧ್ವನಿಯಲ್ಲೇ ಆ ಮಾತು ಇಲ್ಲ. ಹಾಗಾದರೆ ಹದಿನೆಂಟನ್ನೂ ಮತ್ತೆ ಹೇಳಬೇಕಾ? ಮಳೆ ಶುರುವಾಗಿದೆ ಇಲ್ಲಿ. ಶೀಟಿನ ಮನೆ. ಒಳಗೆ ಕೂತರೆ ನಮ್ಮ ಮಾತು ನಮಗೇ ಕೇಳಲ್ಲ.

ಮಡಿಕೇರಿ_ಕತ್ತರಿ

ಕೆಟ್ಟ ಸ್ಲೈಡುಗಳಷ್ಟೇ ಸಾಕು. ಆ ಸ್ಲೈಡಿಗೆ ಹೋಗಿ, ಆ ಒಂದು ಸ್ಲೈಡಿನ ಹಳೇ ರೆಕಾರ್ಡಿಂಗ್ ಮಾತ್ರ Clear ಮಾಡಿ, ಅಲ್ಲಿಂದಲೇ ರೆಕಾರ್ಡ್ ಶುರು ಮಾಡಿ. ಹೇಳಿ ಮುಗಿದ ಮೇಲೆ ಮುಂದಿನದಕ್ಕೆ ಹೋಗದೆ ನಿಲ್ಲಿಸಿ. ಮುಂದೆ ತಿರುಗಿಸಿದರೆ ಅದರ ಮೇಲೂ ಹೊಸದು ಕೂರುತ್ತದೆ.

ಹೇಳುವ ಕ್ರಮ ಮಾತ್ರ ಬದಲಾಯಿಸಿ. ಮಾತು ಮುಗಿಸಿ, ಬಾಯಿ ಮುಚ್ಚಿ, ಒಂದು ಉಸಿರು ಬಿಟ್ಟು, ಆಮೇಲೆ ಸ್ಲೈಡ್ ತಿರುಗಿಸಿ. ಹೊಸ ಸ್ಲೈಡ್ ಪೂರ್ತಿ ಬಂದು ನಿಂತ ಮೇಲೆ ಇನ್ನೊಂದು ಉಸಿರು. ಆಮೇಲೆ ಮಾತು. ಸಭೆಯಲ್ಲಿ ಮಾತಾಡುವವರಿಗೆ ಇದು ಕಷ್ಟ, ಯಾಕಂದರೆ ಅವರು ಮಾತಾಡುತ್ತಲೇ ಬಟನ್ ಒತ್ತಿ ಅಭ್ಯಾಸ. ಇನ್ನೊಂದು, ಒಂದು ವಾಕ್ಯ ಎರಡು ಸ್ಲೈಡಿಗೆ ಹರಡಬಾರದು. "ಹಾಗಾಗಿ ನಾವು ಏನು ಮಾಡಬೇಕು ಅಂದರೆ" ಅಂತ ಹೇಳಿ ಮುಂದಿನ ಸ್ಲೈಡಿಗೆ ಹಾರುವುದು ಸಭೆಗೆ ಚೆಂದ, ವಿಡಿಯೋಗೆ ಅಲ್ಲ.

11, 12ರ ವಿಷಯ. ವಿಡಿಯೋ ಮಾಡುವ ಪುಟದಲ್ಲಿ Seconds spent on each slide ಅಂತ ಒಂದು ಚೌಕ ಇದೆ. ಮೊದಲೇ ಅಲ್ಲಿ 5 ಸೆಕೆಂಡ್ ಇರುತ್ತದೆ. ಸಮಯ ಕೊಡದ ಸ್ಲೈಡಿಗೆಲ್ಲ ಅದೇ ಐದು ಸೆಕೆಂಡ್. ಅಲ್ಲಿ ಸಂಖ್ಯೆ ಬದಲಾಯಿಸುವುದಕ್ಕಿಂತ ಆ ಎರಡು ಸ್ಲೈಡಿಗೆ Transitions ಟ್ಯಾಬಿನ After ಹತ್ತಿರ ಕೈಯಾರೆ ಸಮಯ ಕೊಡಿ. ಎಷ್ಟು ಅಂತ ಲೆಕ್ಕ ಬೇಕಾದರೆ ಸ್ಲೈಡನ್ನು ನಿಧಾನಕ್ಕೆ ಬಾಯಿಬಿಟ್ಟು ಓದಿ ಗಡಿಯಾರ ನೋಡಿ. ಬರೆದವರಿಗೆ ಅದು ಬಾಯಿಪಾಠ, ಆದ್ದರಿಂದ ಮನೆಯಲ್ಲಿ ಬೇರೆ ಯಾರಿಗಾದರೂ ಓದಲು ಕೊಟ್ಟರೆ ಒಳ್ಳೆಯದು.

ಸೋಮವಾರಪೇಟೆ_ಅಕ್ಕ

ಕತ್ತರಿಯವರು ಹೇಳಿದ್ದು ಸರಿ. ಆದರೆ ನಾನಾಗಿದ್ದರೆ ಪವರ್‌ಪಾಯಿಂಟಿನ ಒಳಗೆ ಧ್ವನಿ ರೆಕಾರ್ಡ್ ಮಾಡುತ್ತಲೇ ಇರಲಿಲ್ಲ.

ಕಾರಣ ಕೇಳಿ. ನಾಲ್ಕು ಸ್ಲೈಡ್ ಇವತ್ತು ಹೇಳಿ, ಉಳಿದದ್ದು ಮಳೆ ನಿಂತ ಮೇಲೆ ಹೇಳಿದರೆ ಟಿವಿಯಲ್ಲಿ ಎರಡೂ ಬೇರೆ ಬೇರೆ ಮನುಷ್ಯರು ಹೇಳಿದಂತೆ ಕೇಳುತ್ತದೆ. ಮೈಕಿನ ದೂರ ಬೇರೆ, ಗಂಟಲು ಬೇರೆ, ಹಿಂದಿನ ಸದ್ದು ಬೇರೆ. 6ನೇ ಸ್ಲೈಡಿನಲ್ಲಿ ಜೀರುಂಡೆ, 7ರಲ್ಲಿ ಮಳೆ, 8ರಲ್ಲಿ ಪೂರ್ತಿ ನಿಶ್ಶಬ್ದ. ಮಾತು ನಿಂತಲ್ಲೆಲ್ಲ ಅದು ಎದ್ದು ಕಾಣುತ್ತದೆ.

ಅದಕ್ಕೆ ಎಲ್ಲವನ್ನೂ ಒಂದೇ ಕೂತಿನಲ್ಲಿ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿ. ತಪ್ಪಿದರೆ ನಿಲ್ಲಿಸಬೇಡಿ, ಒಂದು ಚಪ್ಪಾಳೆ ತಟ್ಟಿ ಆ ವಾಕ್ಯವನ್ನೇ ಮೊದಲಿಂದ ಹೇಳಿ. ಚಪ್ಪಾಳೆ ಅಲೆಯಲ್ಲಿ ಮೊಳೆ ಹೊಡೆದ ಹಾಗೆ ಎದ್ದು ನಿಂತಿರುತ್ತದೆ, ಆಮೇಲೆ ಹುಡುಕಿ ಕತ್ತರಿಸಬಹುದು. ಪ್ರತಿ ಸ್ಲೈಡಿನ ಮಾತು ಶುರುವಾಗುವ ಕಡೆ ಕರ್ಸರ್ ಇಟ್ಟು Ctrl+B ಒತ್ತಿ ಲೇಬಲ್ ಹಾಕಿ, 01, 02 ಅಂತ ಹೆಸರು ಕೊಡಿ. ಕೊನೆಗೆ ಲೇಬಲ್ ಪ್ರಕಾರ ಬೇರೆ ಬೇರೆ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದರೆ ಮಾತಿರುವ ಪ್ರತಿ ಸ್ಲೈಡಿಗೂ ಒಂದೊಂದು ತುಂಡು ಸಿದ್ಧ.

ಜಾಗದ ಮಾತು. ಶೀಟಿನ ಮನೆ ಬಿಡಿ. ತೋಟದ ಒಳಗೆ, ರಸ್ತೆಯಿಂದ ದೂರ, ಕಾರು ನಿಲ್ಲಿಸಿ ಗಾಜು ಏರಿಸಿ ಒಳಗೆ ಕೂತು ರೆಕಾರ್ಡ್ ಮಾಡಿ. ಸೀಟಿನ ಬಟ್ಟೆ ಸದ್ದು ಹೀರಿಕೊಳ್ಳುತ್ತದೆ, ಮಾತು ಗೊಂಯ್ ಅನ್ನುವುದಿಲ್ಲ. ಮಳೆ ಹನಿ ಬೀಳುವಾಗ ಮಾತ್ರ ಕಾರೂ ಬೇಡ.

ಪೊನ್ನಂಪೇಟೆ_ಹುಡುಗ

ಮಳೆ ಸದ್ದು ತೆಗೆಯುವುದು ಏನು ಮಹಾ. ಆಡಾಸಿಟಿಯಲ್ಲೇ Noise Reduction ಇದೆ.

ಸೋಮವಾರಪೇಟೆ_ಅಕ್ಕ

ಇದೆ. ಬರೀ ಸದ್ದು ಇರುವ ಒಂದು ತುಂಡನ್ನು ಮೊದಲು ಅದಕ್ಕೆ ಕೇಳಿಸಬೇಕು, ಆಮೇಲೆ ಅದೇ ಸದ್ದನ್ನು ಉಳಿದ ಕಡೆಯಿಂದ ಕಳೆಯುತ್ತದೆ. ಫ್ಯಾನಿನ ಸದ್ದು, ಫ್ರಿಜ್ಜಿನ ಗುಂಯ್ ಒಂದೇ ಸಮ ಇರುತ್ತದೆ, ಅದು ಹೋಗುತ್ತದೆ. ನಮ್ಮ ಮಳೆ ಒಂದೇ ಸಮ ಇರುತ್ತದಾ? ಜೋರಾಗುತ್ತೆ, ಇಳಿಯುತ್ತೆ, ಗಾಳಿಗೆ ಪಕ್ಕಕ್ಕೆ ಹೊಡೆಯುತ್ತೆ. ಅದನ್ನು ಜಾಸ್ತಿ ತೆಗೆಯಲು ಹೋದರೆ ಮಾತೇ ನೀರೊಳಗಿಂದ ಬಂದ ಹಾಗೆ ಕೇಳಲು ಶುರು ಆಗುತ್ತದೆ. ತೆಗೆಯುವ ಬದಲು ಸದ್ದು ಬಾರದ ಹಾಗೆ ನೋಡಿಕೊಳ್ಳುವುದೇ ಸರಿ.

ಅಮ್ಮತ್ತಿ_ರೋಬಸ್ಟಾ

ವಿಷಯಕ್ಕೆ ಬರೋಣ. ಬೋರರ್ ಬಗ್ಗೆ ವಿಡಿಯೋ ಅಂದಿರಿ. ಹುಳು ಹೊರಗೆ ಬಂದು ಹಾರಾಡುವ ಕಾಲ ಹಾಕಿದ್ದೀರಾ? ಏಪ್ರಿಲ್-ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಒಂದು. ಅದಕ್ಕಿಂತ ಮೊದಲೇ ಗಿಡ ಹುಡುಕಿ ಕಿತ್ತು ಸುಡಬೇಕು. ಅದಿಲ್ಲದೆ ಬರೀ ಫೋಟೋ ತೋರಿಸಿ ಏನು ಪ್ರಯೋಜನ. ನಮ್ಮದು ರೋಬಸ್ಟಾ, ನಮಗೆ ಅದರ ಕಾಟ ಇಲ್ಲ ಬಿಡಿ.

ಚೆಟ್ಟಳ್ಳಿ_ತೋಟ

14ನೇ ಸ್ಲೈಡಿನಲ್ಲಿ ಇದೆ. ಅರೇಬಿಕಾದವರಿಗಾಗಿಯೇ ಮಾಡಿದ್ದು.

ಅಮ್ಮತ್ತಿ_ರೋಬಸ್ಟಾ

ಸರಿ ಹಾಗಾದರೆ. ನಮಗೂ ಕಾಯಿಕೊರಕದ್ದು ಒಂದು ಮಾಡಿ.

ಚೆಟ್ಟಳ್ಳಿ_ತೋಟ

ಅಕ್ಕಾ, ಧ್ವನಿ ಬೇರೆ ಮಾಡಿಕೊಂಡೆ ಅಂತ ಇಟ್ಟುಕೊಳ್ಳಿ. ಅದನ್ನು ಸ್ಲೈಡಿಗೆ ಕೂರಿಸಿ, ಫೋಟೋ ಹೊಂದಿಸುವುದು ಹೇಗೆ? 7ನೇದೇ ನನಗೆ ತಲೆನೋವು.

ಸೋಮವಾರಪೇಟೆ_ಅಕ್ಕ

ಅದು ಕತ್ತರಿಯವರ ಇಲಾಖೆ. ನಾನು ಧ್ವನಿವರೆಗೆ ಮಾತ್ರ.

ಮಡಿಕೇರಿ_ಕತ್ತರಿ

7ನೇ ಸ್ಲೈಡನ್ನೇ ಮಾಡೋಣ. ನಾಲ್ಕು ಫೋಟೋ ಯಾವುದು, ಮಾತು ಎಷ್ಟು ಉದ್ದ ಹೇಳಿ.

ಚೆಟ್ಟಳ್ಳಿ_ತೋಟ

ಮೊದಲು ಹಳದಿಯಾಗಿ ಬಾಡಿದ ಗಿಡ. ಆಮೇಲೆ ಕಾಂಡದ ಉಬ್ಬುಗೆರೆ ಹತ್ತಿರದಿಂದ. ಆಮೇಲೆ ಸೀಳಿದ ಕಾಂಡ, ಒಳಗೆ ಹುಡಿ ತುಂಬಿದ ಸುರಂಗ. ಕೊನೆಗೆ ಹುಳು ಹೊರಬಂದ ತೂತು. ಮಾತು 48 ಸೆಕೆಂಡ್. ಉಬ್ಬುಗೆರೆ 11ಕ್ಕೆ ಬರುತ್ತದೆ, ಸೀಳಿದ್ದು 24ಕ್ಕೆ, ತೂತು 38ಕ್ಕೆ.

ಮಡಿಕೇರಿ_ಕತ್ತರಿ

ಇಷ್ಟು ಬರೆದುಕೊಂಡಿದ್ದೀರಲ್ಲ, ಅರ್ಧ ಕೆಲಸ ಆದಂತೆಯೇ.

Insert ಒಳಗಿನ Audio ಇಂದ 07 ಫೈಲನ್ನು ಸ್ಲೈಡಿಗೆ ತನ್ನಿ. ಮೊದಲ ಗುಂಡಿ ಇಲ್ಲೇ ಇದೆ: ಹೀಗೆ ತಂದ ಧ್ವನಿ ಸಾಮಾನ್ಯವಾಗಿ In Click Sequence ಅಂತ ಇರುತ್ತದೆ, ಅಂದರೆ ಯಾರಾದರೂ ಕ್ಲಿಕ್ ಮಾಡಲಿ ಅಂತ ಕಾಯುತ್ತದೆ. ವಿಡಿಯೋದಲ್ಲಿ ಕ್ಲಿಕ್ ಮಾಡಲು ಯಾರಿದ್ದಾರೆ? Playback ಟ್ಯಾಬಿನಲ್ಲಿ ಅದನ್ನು Automatically ಮಾಡಿ. ಪಕ್ಕದಲ್ಲೇ Hide During Show ಇದೆ, ಅದಕ್ಕೂ ಟಿಕ್ ಹಾಕಿ. ಇಲ್ಲದಿದ್ದರೆ ಬೂದು ಸ್ಪೀಕರ್ ಚಿತ್ರ ಬಾಡಿದ ಗಿಡದ ಮೇಲೆ ಉದ್ದಕ್ಕೂ ಕೂತಿರುತ್ತದೆ.

ಈಗ Animation Pane ತೆರೆಯಿರಿ. ಬಲಗಡೆ ಪಟ್ಟಿಯಲ್ಲಿ ಫೋಟೋಗಳು, ಎಲ್ಲಕ್ಕಿಂತ ಕೆಳಗೆ ಧ್ವನಿ ಕಾಣುತ್ತದೆ. ಕೊನೆಗೆ ತಂದದ್ದು ಕೊನೆಗೇ ಕೂರುತ್ತದೆ. ಹಾಗೇ ಬಿಟ್ಟರೆ ಫೋಟೋ ಎಲ್ಲ ಬಂದು ಮುಗಿದ ಮೇಲೆ ಮಾತು ಶುರು. ನಿಮ್ಮಲ್ಲಿ ಹೊಂದದೆ ಇರುವುದಕ್ಕೆ ಇಂಥದ್ದೇ ಏನೋ ಕಾರಣ ಇರಬೇಕು. ಧ್ವನಿಯನ್ನು ಎಳೆದು ಪಟ್ಟಿಯ ಮೇಲಕ್ಕೆ ಒಯ್ದು, With Previous ಮಾಡಿ.

ಮೊದಲ ಫೋಟೋಗೆ ಅನಿಮೇಷನ್ನೇ ಬೇಡ, ಸ್ಲೈಡ್ ಬಂದಾಗಲೇ ಇರಲಿ. ಉಳಿದ ಮೂರಕ್ಕೂ On Click ತೆಗೆದು With Previous ಕೊಟ್ಟು, Delay ಒಂದರಲ್ಲಿ 11, ಇನ್ನೊಂದರಲ್ಲಿ 24, ಮತ್ತೊಂದರಲ್ಲಿ 38 ಹಾಕಿ. ಎಲ್ಲವೂ ಒಂದೇ ಗಡಿಯಾರದಿಂದ ಎಣಿಸುತ್ತವೆ, ಆದ್ದರಿಂದ ನೀವು ಬರೆದುಕೊಂಡ ಸೆಕೆಂಡನ್ನೇ ನೇರ ಬರೆಯಬಹುದು. After Previous ಕೊಟ್ಟರೆ ಒಂದರ ಮೇಲೆ ಒಂದು ಕೂಡುತ್ತಾ ಹೋಗಬೇಕು. ಒಂದು ಬದಲಾಯಿಸಿದರೆ ಅದರ ನಂತರದ್ದೆಲ್ಲ ಸರಿಯುತ್ತದೆ.

ಫೋಟೋ ಮಾತಿಗಿಂತ ಅರ್ಧ ಸೆಕೆಂಡ್ ಮೊದಲು ಬಂದರೆ ಕಣ್ಣಿಗೆ ಹಿತ. ತಡವಾಗಿ ಬಂದರೆ ನೋಡುವವರು ಹಳೇ ಫೋಟೋದಲ್ಲೇ ಸುರಂಗ ಹುಡುಕುತ್ತಾ ಇರುತ್ತಾರೆ. ಹಾಗಾಗಿ 10.5, 23.5, 37.5 ಅಂತಲೂ ಹಾಕಿ ನೋಡಬಹುದು.

ಕೊನೆಗೆ Transitions ಒಳಗೆ After ಎದುರು 00:49.50. ಮಾತು 48, ಉಳಿದದ್ದು ಉಸಿರಾಡಲು. On Mouse Click ಟಿಕ್ ತೆಗೆದುಬಿಡಿ.

ಕುಶಾಲನಗರ_ಮೇಷ್ಟ್ರು

ಅಷ್ಟೆಲ್ಲ ಲೆಕ್ಕ ಬೇಕಿಲ್ಲ. After ಎದುರು 00:00.00 ಕೊಡಿ. ಧ್ವನಿ ಮುಗಿದ ತಕ್ಷಣ ಸ್ಲೈಡ್ ತಾನೇ ಮುಂದೆ ಹೋಗುತ್ತದೆ. ಶಾಲೆಯಲ್ಲಿ ನಾನು ಹೀಗೇ ಮಾಡುವುದು.

ಮಡಿಕೇರಿ_ಕತ್ತರಿ

ಮೇಷ್ಟ್ರೇ, ನೀವು ಅದನ್ನು ಸ್ಲೈಡ್ ಶೋನಲ್ಲಿ ಓಡಿಸುತ್ತೀರೋ, ವಿಡಿಯೋ ಮಾಡುತ್ತೀರೋ?

ಕುಶಾಲನಗರ_ಮೇಷ್ಟ್ರು

ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಹಾಕಿ ಶೋ ಓಡಿಸುತ್ತೇನೆ. ವಿಡಿಯೋ ಆದರೂ ಅದೇ ಅಲ್ಲವೇ?

ಮಡಿಕೇರಿ_ಕತ್ತರಿ

ಶೋನಲ್ಲಿ ಸರಿ, ಅನಿಮೇಷನ್ ಪಟ್ಟಿಯಲ್ಲಿ ಇರುವುದೆಲ್ಲ ಮುಗಿಯುವ ತನಕ ಅದು ಕಾಯುತ್ತದೆ. ವಿಡಿಯೋಗೆ ಸೊನ್ನೆಯ ಮೇಲೆ ನಾನು ಭರವಸೆ ಇಡಲ್ಲ. ಸಮಯ ಬರೆದು ಕೊಟ್ಟರೆ ಏನು ನಷ್ಟ?

ಕುಶಾಲನಗರ_ಮೇಷ್ಟ್ರು

18 ಸ್ಲೈಡಿಗೆ 18 ಸಲ ಬರೆಯುವ ನಷ್ಟ.

ವಿರಾಜಪೇಟೆ_ಲಿನಕ್ಸ್

ನಾನು ಮಾಡುವ ದಾರಿ ಹೇಳುತ್ತೇನೆ, ಅದರಲ್ಲಿ ಸಮಯ ಬರೆಯುವ ಕೆಲಸವೇ ಇಲ್ಲ. ಧ್ವನಿ ಎಷ್ಟು ಉದ್ದವೋ ಸ್ಲೈಡ್ ಅಷ್ಟೇ ಹೊತ್ತು. ಸ್ಲೈಡನ್ನು ಪಿಡಿಎಫ್ ಮಾಡಿ, ಅದರಿಂದ ಚಿತ್ರ ತೆಗೆದು, ಅಕ್ಕ ಹೇಳಿದ ಧ್ವನಿ ತುಂಡಿನ ಜೊತೆ ಒಂದೊಂದಾಗಿ ಅಂಟಿಸುವುದು.

```
pdftoppm -png -scale-to-x 1920 -scale-to-y 1080 borer.pdf s

ffmpeg -loop 1 -framerate 25 -i s-07.png -i a-07.wav \
  -c:v libx264 -tune stillimage -pix_fmt yuv420p \
  -c:a aac -ar 48000 -ac 2 -af apad=pad_dur=1 \
  -shortest v-07.mp4

ffmpeg -f concat -safe 0 -i list.txt -c copy borer.mp4
```

ಎರಡನೇದನ್ನು ಪ್ರತಿ ಸ್ಲೈಡಿಗೂ ಓಡಿಸಬೇಕು, ಮಾತಿಲ್ಲದ 11, 12ಕ್ಕೆ ಬೇಕಾದಷ್ಟು ಉದ್ದದ ಮೌನದ ಧ್ವನಿ ಫೈಲ್ ಕೊಡಬೇಕು. `apad` ಇರುವುದು ಕೊನೆಗೆ ಒಂದು ಸೆಕೆಂಡ್ ಮೌನ ಸೇರಿಸಲು. ಕೊನೆಯ ಕಮಾಂಡಿಗೆ ಬೇಕಾದ `list.txt` ಒಳಗೆ ಸಾಲಿಗೊಂದರಂತೆ `file 'v-01.mp4'` ಅಂತ ಬರೆಯಬೇಕು. `yuv420p` ಬಿಟ್ಟರೆ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ ಫೈಲ್ ಟಿವಿಯಲ್ಲಿ ಓಡದೇ ಹೋಗಬಹುದು, ಅದನ್ನು ಮರೆಯಬೇಡಿ.

ಇದರಿಂದ ಲಾಭ ಏನಂದರೆ, 14ನೇ ಸ್ಲೈಡಿನಲ್ಲಿ ಒಂದು ಮಾತು ಬದಲಾದರೆ ಆ ಒಂದು ತುಂಡು ಮಾತ್ರ ಮತ್ತೆ ಮಾಡಿ, ಕೊನೇ ಸಾಲು ಓಡಿಸಿದರೆ ಸಾಕು. ಕ್ಷಣದಲ್ಲಿ ಮುಗಿಯುತ್ತದೆ.

ಮಡಿಕೇರಿ_ಕತ್ತರಿ

ಒಪ್ಪುತ್ತೇನೆ, ಅಚ್ಚುಕಟ್ಟಾದ ದಾರಿ. ಆದರೆ ಪಿಡಿಎಫ್ ಮಾಡಿದ ಕೂಡಲೇ ಅನಿಮೇಷನ್ ಸತ್ತುಹೋಯಿತು. 7ನೇ ಸ್ಲೈಡಿನ ನಾಲ್ಕು ಫೋಟೋ ಒಟ್ಟಿಗೇ ಕಾಣುತ್ತವೆ.

ವಿರಾಜಪೇಟೆ_ಲಿನಕ್ಸ್

ಅದನ್ನು ನಾಲ್ಕು ಸ್ಲೈಡ್ ಮಾಡಿಬಿಡಲಿ. ನಿಜ ಹೇಳಬೇಕಂದರೆ ಟಿವಿಯಲ್ಲಿ ನಾಲ್ಕು ಸಣ್ಣ ಫೋಟೋಗಿಂತ ಒಂದೊಂದೇ ದೊಡ್ಡದಾಗಿ ಬರುವುದು ಚೆಂದ. ಆ ತೂತು ಹತ್ತಡಿ ದೂರದಿಂದ ಕಾಣಬೇಕಲ್ವಾ.

ಮಡಿಕೇರಿ_ಕತ್ತರಿ

ಈ ಮಾತು ಮಾತ್ರ ನೂರಕ್ಕೆ ನೂರು ಸರಿ.

ಚೆಟ್ಟಳ್ಳಿ_ತೋಟ

ಆ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡುವುದು ನನ್ನಿಂದ ಆಗದ ಕೆಲಸ ತಮ್ಮಾ. ಆದರೆ ನಾಲ್ಕು ಸ್ಲೈಡ್ ಮಾಡುವ ಯೋಚನೆ ಹಿಡಿಸಿತು. ಆಗ Delay ತಲೆನೋವೂ ಇಲ್ಲ.

ಪೊನ್ನಂಪೇಟೆ_ಹುಡುಗ

ಇಷ್ಟು ಬದಲು ಓಬಿಎಸ್ ಹಾಕಿ ಸ್ಕ್ರೀನ್ ರೆಕಾರ್ಡ್ ಮಾಡಿ. ನೀವು ಶೋ ಓಡಿಸುತ್ತಾ ಮಾತಾಡಿ. ಟ್ರಾನ್ಸಿಷನ್ ಹೊತ್ತಲ್ಲಿ ಆಡಿದ ಮಾತೂ ಬರುತ್ತದೆ, ಏನೂ ಕಳೆದುಹೋಗಲ್ಲ.

ಸೋಮವಾರಪೇಟೆ_ಅಕ್ಕ

ಹುಡುಗ ಈ ಸಲ ಸರಿಯಾಗೇ ಹೇಳಿದ. ಒಂದೇ ಉದ್ದ ರೆಕಾರ್ಡಿಂಗ್, ತುಂಡು ಇಲ್ಲ. ಆದರೆ 16ನೇ ಸ್ಲೈಡಿನಲ್ಲಿ ಕೆಮ್ಮು ಬಂದರೆ ಮೊದಲಿನಿಂದ ಶುರು ಮಾಡಬೇಕು, ಇಲ್ಲಾ ವಿಡಿಯೋ ಕತ್ತರಿಸಲು ಕಲಿಯಬೇಕು. ಮೂಲೆಯಲ್ಲಿ ಬ್ಯಾಟರಿ ಕಡಿಮೆ ಅಂತ ಎಚ್ಚರಿಕೆ ಬಂದರೆ ಅದೂ ವಿಡಿಯೋ ಒಳಗೆ. ಹುಳು ಹಾರುವ ತಿಂಗಳ ಸ್ಲೈಡ್ ಬದಲಾಯಿಸಬೇಕಾದರೆ ಪೂರ್ತಿ ಹೊಸದು.

ಗೋಣಿಕೊಪ್ಪ_ಪ್ರಿಂಟ್

ಒಂದು ಬೇರೆ ವಿಷಯ. ಅಕ್ಷರ ನುಡಿಯಲ್ಲಿ ಹೊಡೆದಿದ್ದೀರಾ ಅಥವಾ ಯೂನಿಕೋಡಾ? ಹಳೇ ನುಡಿ ಫಾಂಟ್ ಆದರೆ, ಆ ಫಾಂಟ್ ಇರುವ ಕಂಪ್ಯೂಟರಿನಲ್ಲೇ ಎಕ್ಸ್‌ಪೋರ್ಟ್ ಮಾಡಿ. ಬೇರೆಯವರ ಕಂಪ್ಯೂಟರಿಗೆ ಕೊಟ್ಟರೆ "ಕನ್ನಡ" ಇರುವ ಕಡೆ PÀ£ÀßqÀ ಅಂತ ಬರುತ್ತದೆ. ವಿಡಿಯೋ ಆದ ಮೇಲೆ ಅಕ್ಷರ ಬರೀ ಚಿತ್ರ, ಆಗ ಯಾವ ಟಿವಿಯಲ್ಲೂ ಕೆಡುವುದಿಲ್ಲ. ಆದರೆ ಎಕ್ಸ್‌ಪೋರ್ಟ್ ಮಾಡುವಾಗಲೇ ಕೆಟ್ಟಿದ್ದರೆ ಕೆಟ್ಟದ್ದೇ ಶಾಶ್ವತ.

ನಮ್ಮ ಅಂಗಡಿಗೆ ಒಬ್ಬರು ಬಂದಿದ್ದರು, ಯಾವುದೋ ಸ್ಟುಡಿಯೋಗೆ ಕೊಟ್ಟು ವಿಡಿಯೋ ಮಾಡಿಸಿದ್ದರಂತೆ. ಶೀರ್ಷಿಕೆ ಯೂನಿಕೋಡ್, ಒಳಗಿನದು ನುಡಿ. ಶೀರ್ಷಿಕೆ ಮಾತ್ರ ಕನ್ನಡ, ಒಳಗೆಲ್ಲ ಗೀಚು. ಯಾರೂ ಪೂರ್ತಿ ನೋಡದೆ ದುಡ್ಡು ಕೊಟ್ಟು ತಂದಿದ್ದಾರೆ!

ಚೆಟ್ಟಳ್ಳಿ_ತೋಟ

ಯೂನಿಕೋಡೇ. ಆದರೆ ಹಳೇ ಕರಪತ್ರದಿಂದ ಎತ್ತಿದ ಎರಡು ಸ್ಲೈಡ್ ನುಡಿ ಇರಬೇಕು. ನೋಡುತ್ತೇನೆ.

ಅಮ್ಮತ್ತಿ_ರೋಬಸ್ಟಾ

ಯಾವ ಭಾಷೆಯಲ್ಲಿ ಮಾತಾಡಿದ್ದೀರಿ? ಗೋದಾಮಿಗೆ ಬರುವವರಲ್ಲಿ ಅರ್ಧ ಜನ ಕೊಡವ ತಕ್ಕ್ ಆಡುವವರು. ಕಾಂಡ ನೋಡಿ ಗಿಡ ಕೀಳುವವರು ಕೆಲಸದವರು, ಅವರ ಮಾತು ಇನ್ನೊಂದು.

ಚೆಟ್ಟಳ್ಳಿ_ತೋಟ

ಕನ್ನಡ. ಎಲ್ಲರಿಗೂ ಅರ್ಥ ಆಗುವುದು ಅದೊಂದೇ.

ಸೋಮವಾರಪೇಟೆ_ಅಕ್ಕ

ಧ್ವನಿ ಬೇರೆ ಫೈಲಾಗಿ ಇದ್ದರೆ ಇದಕ್ಕೂ ದಾರಿ ಇದೆ. ಪಿಪಿಟಿಯ ಒಂದು ನಕಲು ತೆಗೆದು, ಅದೇ ಸ್ಲೈಡಿಗೆ ಕೊಡವ ತಕ್ಕಿನ ಧ್ವನಿ ಕೂರಿಸಿ, ಸಮಯ ಹೊಸದಾಗಿ ಕೊಡಿ. ಕನ್ನಡದ ಸಮಯವನ್ನೇ ಇಟ್ಟರೆ ಮಾತು ಕತ್ತರಿಸುತ್ತದೆ, ಎರಡೂ ಭಾಷೆಯಲ್ಲಿ ಒಂದೇ ಉದ್ದ ಬರುವುದಿಲ್ಲ.

ಅಮ್ಮತ್ತಿ_ರೋಬಸ್ಟಾ

ಅರೆಭಾಷೆಯವರು ಸುಮ್ನೆ ಇರುತ್ತಾರಾ ಆಮೇಲೆ?

ಸೋಮವಾರಪೇಟೆ_ಅಕ್ಕ

ಮೂರನೇ ನಕಲು 😄

ಕುಶಾಲನಗರ_ಮೇಷ್ಟ್ರು

ನಾನು ಕೇಳುವುದು, ಗೋದಾಮಿನಲ್ಲಿ ಆ ಧ್ವನಿ ಯಾರಿಗೆ ಕೇಳುತ್ತದೆ? ಲಾರಿ, ಮೂಟೆ ಇಳಿಸುವವರ ಕೂಗು. ಎರಡನೇ ದಿನ ಅಲ್ಲಿ ಕೂತ ಗುಮಾಸ್ತರೇ ಮ್ಯೂಟ್ ಒತ್ತುತ್ತಾರೆ. ಇಡೀ ದಿನ ಒಂದೇ ಮಾತು ಕೇಳಿ ಯಾರಿಗೆ ತಲೆ ಕೆಡುವುದಿಲ್ಲ?

ಮಡಿಕೇರಿ_ಕತ್ತರಿ

ಇದು ನಿಜ. ಅದಕ್ಕೆ ಪ್ರತಿ ಸ್ಲೈಡಿನ ಕೆಳಗೆ ಆ ಸ್ಲೈಡಿನ ಮುಖ್ಯ ಮಾತನ್ನು ಒಂದೇ ಸಾಲಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಧ್ವನಿ ಇಲ್ಲದಿದ್ದರೂ ವಿಷಯ ದಾಟಬೇಕು. ಆದರೆ ತೀರಾ ಅಂಚಿಗೆ ಬರೆಯಬೇಡಿ. ಕೆಲವು ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತವೆ, ನಾಲ್ಕೂ ಅಂಚು ಹೊರಗೆ ಹೋಗುತ್ತದೆ. ನಿಮ್ಮ ಸ್ಲೈಡ್ ಅಗಲದ್ದಾ, ಚೌಕದ್ದಾ?

ಚೆಟ್ಟಳ್ಳಿ_ತೋಟ

ಹಳೇ ಟೆಂಪ್ಲೇಟ್. ಚೌಕದ ಹಾಗೆ ಇದೆ.

ಮಡಿಕೇರಿ_ಕತ್ತರಿ

ಹಾಗಾದರೆ ಟಿವಿಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಧ್ವನಿ, ಸಮಯ ಏನನ್ನೂ ಮುಟ್ಟುವ ಮೊದಲು Design ಒಳಗೆ Slide Size ಅನ್ನು Widescreen ಮಾಡಿ, ಫೋಟೋಗಳನ್ನು ಮತ್ತೆ ಸರಿಯಾಗಿ ಕೂರಿಸಿ. ಇದು ಮೊದಲ ಕೆಲಸ.

ಎಕ್ಸ್‌ಪೋರ್ಟ್ ಮಾಡುವಾಗ Full HD (1080p) ಸಾಕು. Ultra HD ಅಂತ ಆಸೆ ಪಟ್ಟರೆ ಲ್ಯಾಪ್‌ಟಾಪ್ ಬಿಸಿಯಾಗುವುದೇ ಲಾಭ. ಅಲ್ಲಿ Use Recorded Timings and Narrations ಆರಿಸಿದೆಯಾ ಅಂತ ಒಮ್ಮೆ ನೋಡಿ, Don't Use ಅಂತ ಇದ್ದರೆ ನೀವು ಕೊಟ್ಟ ಸಮಯ ಎಲ್ಲ ವ್ಯರ್ಥ. ಫೈಲ್ ಎಂಪಿ4 ಇರಲಿ, ಡಬ್ಲ್ಯುಎಂವಿ ಬೇಡ. ಅದನ್ನು ಎಷ್ಟೋ ಟಿವಿ ಗುರುತೇ ಹಿಡಿಯುವುದಿಲ್ಲ.

ಪೂರ್ತಿ ಮಾಡುವ ಮೊದಲು ಒಂದು ಫೋಟೋ ಸ್ಲೈಡ್, ಒಂದು ಮಾತಿನ ಸ್ಲೈಡ್, ಒಂದು ಮೌನದ ಸ್ಲೈಡ್ ಮಾತ್ರ ಇರುವ ನಕಲು ಮಾಡಿ ವಿಡಿಯೋ ತೆಗೆದು, ಗೋದಾಮಿನ ಅದೇ ಟಿವಿಗೆ ಹಾಕಿ ನೋಡಿ. ಲ್ಯಾಪ್‌ಟಾಪಿನಲ್ಲಿ ಓಡಿತು ಅಂತ ನಂಬಬೇಡಿ. ಪೆನ್ ಡ್ರೈವನ್ನೇ ಟಿವಿ ಓದದಿದ್ದರೆ ಅದನ್ನು FAT32 ಆಗಿ ಫಾರ್ಮ್ಯಾಟ್ ಮಾಡಿ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟಬಾರದು, ನಿಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ.

ಚೆಟ್ಟಳ್ಳಿ_ತೋಟ

ಮೂರು ಸ್ಲೈಡಿನದ್ದು ಇವತ್ತು ಹಾಕಿ ನೋಡಿದೆ. ಓಡಿತು. ಮಾತು ಮೊದಲಿನಿಂದ ಸರಿ ಕೇಳುತ್ತದೆ. ಕೆಳಗಿನ ಸಾಲು ಸ್ವಲ್ಪ ಕತ್ತರಿಸುತ್ತಿದೆ, ಮೇಲೆ ಏರಿಸುತ್ತೇನೆ. ರಿಪೀಟ್ ಹಾಕಿದರೆ ಒಂದು ಸುತ್ತು ಮುಗಿದಾಗ ಟಿವಿ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಶುರು ಆಗುತ್ತದೆ, ಅದು ಪರವಾಗಿಲ್ಲ.

ಆದರೆ ಕರೆಂಟ್ ಹೋಗಿ ಬಂದರೆ? ಟಿವಿ ಆನ್ ಆಗಿ ಸುಮ್ನೆ ಮೆನುವಿನಲ್ಲಿ ನಿಲ್ಲುತ್ತದೆ. ಮತ್ತೆ ರಿಮೋಟ್ ಹಿಡಿದು ಯುಎಸ್‌ಬಿ, ಫೈಲ್, ರಿಪೀಟ್ ಎಲ್ಲ ಒತ್ತಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೆ ಹೇಳಬೇಕಾ.

ಮಡಿಕೇರಿ_ಕತ್ತರಿ

ಇದಕ್ಕೆ ಟಿವಿಯಲ್ಲೇ ಉತ್ತರ ಇರುವುದು ಅಪರೂಪ. ಸೆಟ್ಟಿಂಗ್ಸ್ ಒಳಗೆ ಆಟೋ ಪವರ್ ಆಫ್ ಇದ್ದರೆ ಅದನ್ನೂ ತೆಗೆದುಬಿಡಿ. ಯಾರೂ ರಿಮೋಟ್ ಮುಟ್ಟದಿದ್ದರೆ ಕೆಲವು ಗಂಟೆಗಳ ಮೇಲೆ ತಾನೇ ಆರಿಹೋಗುವ ಟಿವಿಗಳಿವೆ, ಆಗ ಕರೆಂಟನ್ನು ಬೈದು ಪ್ರಯೋಜನ ಇಲ್ಲ.

ವಿರಾಜಪೇಟೆ_ಲಿನಕ್ಸ್

ರಾಸ್‌ಬೆರಿ ಪೈ ಒಂದು ಸಾಕು. ಕರೆಂಟ್ ಬಂದ ಕೂಡಲೇ ಬೂಟ್ ಆಗಿ ಈ ಒಂದು ಸಾಲು ಓಡಿದರೆ ಆಯಿತು.

```
cvlc --fullscreen --loop /home/pi/borer.mp4
```

ಪೊನ್ನಂಪೇಟೆ_ಹುಡುಗ

ಅಂದರೆ ಕೊನೆಗೂ ಕಂಪ್ಯೂಟರ್ ಬೇಕೇ ಆಯಿತಲ್ಲ. ನಾನು ಮೊದಲೇ ಹೇಳಿದೆ.

ವಿರಾಜಪೇಟೆ_ಲಿನಕ್ಸ್

ನೀನು ಹೇಳಿದ್ದು ಲ್ಯಾಪ್‌ಟಾಪ್. ಇದು ಅಂಗೈಯಷ್ಟು ಬೋರ್ಡು.

ಕುಶಾಲನಗರ_ಮೇಷ್ಟ್ರು

ಬೋರ್ಡು ಬೂಟ್ ಆಯಿತು ಸರಿ. ಟಿವಿ ಆ ಎಚ್‌ಡಿಎಂಐ ಕಡೆಗೆ ತಾನೇ ತಿರುಗುತ್ತದೆಯೇ? ನಮ್ಮ ಶಾಲೆಯದು ತಿರುಗುವುದಿಲ್ಲ.

ವಿರಾಜಪೇಟೆ_ಲಿನಕ್ಸ್

ಟಿವಿ ಮೇಲೆ ಹೋಗುತ್ತದೆ ಮೇಷ್ಟ್ರೇ. ನಮ್ಮ ಮನೆಯದು ತಿರುಗುತ್ತದೆ.

ಗೋಣಿಕೊಪ್ಪ_ಪ್ರಿಂಟ್

ಸುಮ್ನೆ ಟಿವಿಗೆ ಒಂದು ಸಣ್ಣ ಯುಪಿಎಸ್ ಕೊಡಿ. ಇನ್ವರ್ಟರ್ ಇದ್ದರೆ ಅದರ ಲೈನಿಗೆ ಎಳೆಯಿರಿ.

ಚೆಟ್ಟಳ್ಳಿ_ತೋಟ

ಇನ್ವರ್ಟರ್ ಇದೆ, ಆದರೆ ಅದು ತೂಕದ ಯಂತ್ರಕ್ಕೆ ಮತ್ತು ಬಿಲ್ ಹಾಕುವ ಮೇಜಿಗೆ ಮಾತ್ರ. ಟಿವಿಗೂ ಕೊಡಿ ಅಂತ ಕೇಳಿದರೆ ಎರಡು ಸಭೆ ಬೇಕು. ಕೇಳಿ ನೋಡುತ್ತೇನೆ. ಅಷ್ಟರಲ್ಲಿ ಸ್ಲೈಡ್ ಅಗಲ ಮಾಡಿ, ಧ್ವನಿ ಪೂರ್ತಿ ಹೊಸದಾಗಿ ಹೇಳುತ್ತೇನೆ. ಅಕ್ಕಾ, ಕಾರಿನ ಒಳಗೆ ಫೋನಿನಲ್ಲೇ ರೆಕಾರ್ಡ್ ಮಾಡಿದರೆ ಸಾಲದಾ, ಲ್ಯಾಪ್‌ಟಾಪ್ ಬೇಕೇ ಬೇಕಾ?

ಸೋಮವಾರಪೇಟೆ_ಅಕ್ಕ

ಫೋನೇ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಗೆ ನೇರ ಹಿಡಿಯದೆ ಗಲ್ಲದ ಪಕ್ಕಕ್ಕೆ ಒಂದು ಗೇಣು ದೂರ ಇಡಿ. ಇಲ್ಲದಿದ್ದರೆ ಪ, ಬ ಬಂದಲ್ಲೆಲ್ಲ ಫಟ್ ಅಂತ ಗಾಳಿ ಹೊಡೆಯುತ್ತದೆ. ನಿಮ್ಮದರಲ್ಲಿ ಬೋರರ್, ಬಿಳಿ, ಬುಡ ಅಂತ ಸಾಲಿಗೊಂದು ಬ ಇದೆ.

ಅಮ್ಮತ್ತಿ_ರೋಬಸ್ಟಾ

ಕಾಯಿಕೊರಕದ ಸ್ಲೈಡಿಗೆ ಫೋಟೋ ನನ್ನ ಹತ್ತಿರ ಇದೆ. ವಾಟ್ಸಾಪಿನಲ್ಲಿ ಕಳಿಸಲಾ?

ಮಡಿಕೇರಿ_ಕತ್ತರಿ

ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಆ ಸಣ್ಣ ತೂತು ಟಿವಿಯಲ್ಲಿ ಮಸುಕು ಕಲೆ ಆಗುತ್ತದೆ.